ಓದಲು ಬಾರದ ಅತ್ತೆಯ ಫಾರಂ ತುಂಬಬೇಕು: ಏನು ಕೇಳಲಿ, ಯಾವುದನ್ನು ನಾನೇ ಊಹಿಸಬಾರದು?

ಸಂಜೆಬಸ್ಸು

ನಮ್ಮ ತಂದೆಯ ಅಕ್ಕನಿಗೆ ಓದಲು ಬರುವುದಿಲ್ಲ. ಖಾತೆಯ ವಿವರಗಳನ್ನು ಹೊಸದಾಗಿ ಕೊಡಿ ಅಂತ ಬ್ಯಾಂಕಿನವರು ನಾಲ್ಕು ಪುಟದ ಫಾರಂ ಕೊಟ್ಟು ಕಳಿಸಿದ್ದಾರೆ. ಹೆಸರು, ಹುಟ್ಟಿದ ದಿನ, ವಿಳಾಸ, ಫೋನ್ ನಂಬರ್, ಕುಟುಂಬದ ವಿವರ, ನಾಮಿನಿ, ಕೊನೆಗೆ ಸಹಿ. ಭಾನುವಾರ ಬಂದು ತುಂಬಿಕೊಡುತ್ತೇನೆ ಅಂದಿದ್ದೇನೆ.

ಅರ್ಧ ವಿವರ ನನಗೇ ಗೊತ್ತು. ಮನೆಯಲ್ಲೇ ತುಂಬಿಕೊಂಡು ಹೋಗಿ ಹೆಬ್ಬೆಟ್ಟು ಒತ್ತಿಸಿಕೊಂಡು ಬಂದರಾಯಿತು ಅಂತ ಇದ್ದೆ. ಹೆಂಡತಿ ಬೇಡ ಅಂದಳು. "ಅವರ ಖಾತೆ, ಅವರನ್ನೇ ಕೇಳಿ" ಅಂತ. ಸರಿ, ಕೇಳೋದಾದ್ರೆ ಏನೇನು ಕೇಳಬೇಕು? ಅತ್ತೆ ತುಂಬ ಚುರುಕು. ಆದರೆ ಕಾಗದ ಅಂದ ಕೂಡಲೇ "ನೀನೇ ನೋಡಿ ಹಾಕಪ್ಪ" ಅಂದುಬಿಡುತ್ತಾರೆ.

ನೇರಮಾತು

ಇದಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಾ? ಗುರುತಿನ ಚೀಟಿ ನೋಡಿ ಹೆಸರು, ವಿಳಾಸ ಬರೆಯಿರಿ. ನಾಮಿನಿಗೆ ದೊಡ್ಡ ಮಗನ ಹೆಸರು ಹಾಕಿ. ಫೋನ್ ನಂಬರ್ ನಿಮ್ಮದೇ ಕೊಡಿ, ಬಂದ ಮೆಸೇಜ್ ಓದೋರು ನೀವೇ ಅಲ್ವಾ? ಹೆಬ್ಬೆಟ್ಟು ಒತ್ತಿಸಿ. ಅರ್ಧ ಗಂಟೆ ಕೆಲಸ.

ಮೂರನೇ ಕೌಂಟರ್

ಇಂಥ ಫಾರಂಗಳನ್ನು ತೆಗೆದುಕೊಳ್ಳುವ ಕೌಂಟರಿನಲ್ಲಿ ನಾನು ವರ್ಷಗಟ್ಟಲೆ ಕೂತಿದ್ದೆ. ಈಗ ನಿವೃತ್ತಿ. ನೇರಮಾತು ಅವರ ಮೊದಲ ಮಾತು ಸರಿ. ಹೆಸರನ್ನು ಗುರುತಿನ ಚೀಟಿಯಲ್ಲಿ ಹೇಗಿದೆಯೋ ಹಾಗೇ ಬರೆಯಬೇಕು. ಮನೆಯಲ್ಲಿ ಕರೆಯುವ ಹೆಸರು, ನಮಗೆ ಸರಿ ಅನ್ನಿಸುವ ಅಕ್ಷರ ಯಾವುದೂ ಬೇಡ. ಆದರೆ ನಾಮಿನಿ ಮತ್ತು ಫೋನ್ ವಿಷಯದಲ್ಲಿ ಅವರು ಹೇಳಿದ್ದು ಮಾಡಿದರೆ ಮುಂದೆ ಜಗಳಕ್ಕೆ ನಾವೇ ಜಾಗ ಮಾಡಿಕೊಟ್ಟ ಹಾಗೆ.

ನಾಲ್ಕು ಪುಟ ನೋಡಿ ಹೆದರಬೇಡಿ. ಅದರಲ್ಲಿ ಮುಕ್ಕಾಲು ಭಾಗ ಬೇರೆ ಕಾಗದದಿಂದ ನೋಡಿ ಬರೆಯುವಂಥದ್ದು. ಅದಕ್ಕೆ ಅತ್ತೆಯ ತೀರ್ಮಾನ ಬೇಕಿಲ್ಲ, ಕಾಗದ ಬೇಕು. ಉಳಿದದ್ದು ಅವರೇ ತೀರ್ಮಾನ ಮಾಡಬೇಕಾದದ್ದು. ಸಾಮಾನ್ಯವಾಗಿ ಮೂರು ಇರುತ್ತವೆ: ಯಾವ ಫೋನ್ ನಂಬರ್, ಯಾರು ನಾಮಿನಿ, ಮತ್ತು ಸಣ್ಣ ಚೌಕಗಳಲ್ಲಿ ಟಿಕ್ ಹಾಕಿ ಒಪ್ಪಿಗೆ ಕೊಡುವ ಸಾಲುಗಳು. ನಿಮ್ಮ ಸಮಯವೆಲ್ಲ ಈ ಮೂರಕ್ಕೆ ಹೋಗಲಿ.

ಮೊದಲನೇ ಕಾಲಮ್ಮಿನಿಂದ ಕೇಳುತ್ತಾ ಹೋಗಬೇಡಿ. ಫಾರಂ ಪಕ್ಕಕ್ಕಿಟ್ಟು "ಇದನ್ನು ಕೊಡುವಾಗ ಬ್ಯಾಂಕಿನವರು ಏನಂದರು ಅತ್ತೆ?" ಅಂತ ಕೇಳಿ. ಓದಲು ಬಾರದವರು ತಮಗೆ ಹೇಳಿದ ಮಾತನ್ನು ಚೆನ್ನಾಗಿ ನೆನಪಿಟ್ಟುಕೊಂಡಿರುತ್ತಾರೆ. ಎಷ್ಟೋ ಸಲ ಅಲ್ಲೇ ಗೊತ್ತಾಗುತ್ತದೆ, ಕೌಂಟರಿನವರು ತಪ್ಪು ಫಾರಂ ಕೊಟ್ಟಿದ್ದಾರೆ ಅಂತ. ಆಮೇಲೆ "ನಾಲ್ಕು ಪುಟ ಇದೆ. ಇಷ್ಟನ್ನು ನಿಮ್ಮ ಕಾಗದ ನೋಡಿ ನಾನು ಬರೆಯುತ್ತೇನೆ. ಮೂರು ವಿಷಯ ನೀವೇ ಹೇಳಬೇಕು. ಕೊನೆಯಲ್ಲಿ ಎರಡು ಕಡೆ ಸಹಿ" ಅಂತ ಮೊದಲೇ ಹೇಳಿಬಿಡಿ. "ನೀನೇ ಹಾಕಪ್ಪ" ಅನ್ನುವವರೂ ಇದನ್ನು ಕೇಳಿದ ಮೇಲೆ ಸ್ವಲ್ಪ ಎದ್ದು ಕೂರುತ್ತಾರೆ.

ಇನ್ನೊಂದು. ಹೋಗುವ ಮೊದಲು ಖಾಲಿ ಫಾರಮ್ಮಿನ ಜೆರಾಕ್ಸ್ ಮಾಡಿಸಿ. ಅದರ ಮೇಲೆ ಪೆನ್ಸಿಲ್‌ನಲ್ಲಿ ಬರೆಯಿರಿ. ಎಲ್ಲ ಮುಗಿದ ಮೇಲೆ ಅಸಲಿಗೆ ಇಳಿಸಿ. ಅಸಲಿನಲ್ಲಿ ಹೊಡೆದು ತಿದ್ದಿದರೆ ಪ್ರತಿ ತಿದ್ದುಪಡಿಯ ಪಕ್ಕದಲ್ಲೂ ಸಹಿ ಕೇಳುತ್ತಾರೆ.

ಅಕ್ಷರಪ್ರೀತಿ

ಅತ್ತೆಗೆ ಓದು ಕಲಿಸಬಹುದಲ್ಲ? ಎಷ್ಟು ವಯಸ್ಸಾದರೂ ಕಲಿಯಬಹುದು. ದಿನಕ್ಕೆ ಎರಡು ಅಕ್ಷರ ಹೇಳಿಕೊಟ್ಟರೂ ಸಾಕು. ಮೊದಲು ಅವರ ಹೆಸರಿನ ಅಕ್ಷರಗಳಿಂದ ಶುರು ಮಾಡಿ, ಈ ಫಾರಮ್ಮಿಗೆ ಅವರೇ ಸಹಿ ಹಾಕಲಿ. ಎಷ್ಟು ಖುಷಿ ಪಡುತ್ತಾರೆ ನೋಡಿ!

ಮೂರನೇ ಕೌಂಟರ್

ಕಲಿಸಿ, ಖಂಡಿತ ಕಲಿಸಿ. ಆದರೆ ಈ ಫಾರಮ್ಮಿನ ಮೇಲೆ ಹೊಸ ಸಹಿ ಹಾಕಿಸಬೇಡಿ. ಖಾತೆ ತೆರೆದಾಗ ಅತ್ತೆ ಹೆಬ್ಬೆಟ್ಟು ಕೊಟ್ಟಿದ್ದರೆ ಬ್ಯಾಂಕಿನ ದಾಖಲೆಯಲ್ಲಿ ಅದೇ ಇರುತ್ತದೆ. ಈಗ ಅಕ್ಷರದಲ್ಲಿ ಸಹಿ ಬಂದರೆ ಹೊಂದುವುದಿಲ್ಲ, ಫಾರಂ ವಾಪಸ್ ಬರುತ್ತದೆ. ಸಹಿ ಬದಲಾಯಿಸಲು ಬೇರೆಯೇ ಅರ್ಜಿ ಇರುತ್ತದೆ.

ಇದರ ಉಲ್ಟಾ ಕೂಡ ಇದೆ. ಓದಲು ಬರುವುದಿಲ್ಲ ಅಂದರೆ ಹೆಬ್ಬೆಟ್ಟೇ ಅಂತ ಅಂದುಕೊಳ್ಳಬೇಡಿ. ಒಂದಕ್ಷರ ಓದಲು ಬಾರದಿದ್ದರೂ ಹೆಸರನ್ನು ಚಿತ್ರ ಬರೆದ ಹಾಗೆ ಬರೆದು ಸಹಿ ಮಾಡುವವರು ಬೇಕಾದಷ್ಟು ಜನ ಇದ್ದಾರೆ. ಅವರ ಮುಂದೆ ಇಂಕ್ ಪ್ಯಾಡ್ ತೆಗೆದಿಟ್ಟರೆ ಅವಮಾನ ಆಗುತ್ತದೆ. "ಬ್ಯಾಂಕಿನಲ್ಲಿ ಹಿಂದೆ ಏನು ಹಾಕಿದ್ರಿ ಅತ್ತೆ?" ಅಂತ ಕೇಳಿದರೆ ಮುಗಿಯಿತು.

ಹೂಬಳ್ಳಿ

ನಮ್ಮ ಅತ್ತೆಯವರದ್ದು ಕಾಗದದ ಫಾರಂ ಅಲ್ಲ, ಎಲ್ಲ ಫೋನಿನಲ್ಲೇ. ನಾನು ತುಂಬಿಸ್ತಾ ಹೋದೆ, ಒಂದೊಂದು ಪುಟಕ್ಕೂ ಒಟಿಪಿ. ಒಟಿಪಿ ಬರೋದು ಮೈದುನನ ಫೋನಿಗೆ, ಅವನು ಬೇರೆ ಊರಲ್ಲಿ. ಅವನಿಗೆ ಫೋನ್ ಮಾಡಿ ಕೇಳುವಷ್ಟರಲ್ಲಿ ಪುಟದ ಟೈಮ್ ಮುಗಿದು ಮತ್ತೆ ಮೊದಲಿಂದ. ಕಾಗದ ಎಷ್ಟೋ ವಾಸಿ. ಹೀಗೆ ಮಧ್ಯದಲ್ಲಿ ನಿಂತುಹೋದರೆ ಏನು ಮಾಡ್ತೀರಿ ಯಾರಾದರೂ ಹೇಳಿ.

ಮೂರನೇ ಕೌಂಟರ್

ಹೂಬಳ್ಳಿ ಅವರೇ, ಪುಟದ ಟೈಮ್ ವಿಷಯ ನನಗಿಂತ ಚೆನ್ನಾಗಿ ತಿಳಿದವರು ಹೇಳಲಿ. ಆದರೆ ಯಾವ ಫೋನ್ ನಂಬರ್ ಅನ್ನುವ ಮೊದಲ ಪ್ರಶ್ನೆಗೆ ನೀವು ಹೇಳಿದ್ದರಲ್ಲೇ ಉತ್ತರ ಇದೆ ನೋಡಿ. ಒಟಿಪಿ ಯಾರ ಕೈಗೆ ಬರುತ್ತದೋ ಖಾತೆಯ ಬೀಗದ ಕೈ ಅವರ ಹತ್ತಿರ ಇದ್ದ ಹಾಗೆ. ಮೆಸೇಜ್ ಓದಲು ಬರುವುದಿಲ್ಲ ಅನ್ನುವ ಕಾರಣಕ್ಕೆ ಮನೆಯ ಬೇರೆ ಯಾರದೋ ನಂಬರ್ ಕೊಡುತ್ತಾರೆ. ಆ ಹುಡುಗ ಮುಂದೆ ನಂಬರ್ ಬದಲಾಯಿಸುತ್ತಾನೆ, ಇಲ್ಲವೇ ಮಾತು ಬಿಡುತ್ತಾನೆ. ಆಗ ಆ ಅಮ್ಮನ ಹಣದ ಲೆಕ್ಕ ಅವರಿಗೇ ಸಿಗುವುದಿಲ್ಲ.

ಹಾಗಾಗಿ ಕೇಳಬೇಕಾದದ್ದು "ನಂಬರ್ ಎಷ್ಟು?" ಅಂತ ಅಲ್ಲ. "ನಿಮ್ಮ ಹತ್ತಿರ ಇರುವ ಫೋನ್ ಯಾವುದು? ಅದು ಯಾವಾಗಲೂ ನಿಮ್ಮ ಹತ್ತಿರವೇ ಇರುತ್ತದಾ? ಅದಕ್ಕೆ ದುಡ್ಡು ಹಾಕಿಸುವವರು ಯಾರು?" ಅಂತ. ಸಾದಾ ಬಟನ್ ಫೋನ್ ಆದರೂ ಪರವಾಗಿಲ್ಲ, ಅವರದ್ದೇ ಆಗಿದ್ದರೆ ಸಾಕು. ಮೆಸೇಜ್ ಬಂದಾಗ ಯಾರ ಹತ್ತಿರ ಓದಿಸಬೇಕು ಅಂತ ಅವರೇ ನೋಡಿಕೊಳ್ಳುತ್ತಾರೆ.

ನೇರಮಾತು

ಒಪ್ಪೋಕಾಗಲ್ಲ ಮೇಡಂ. ಓದಲು ಬಾರದವರ ಕೈಯಲ್ಲಿ ಒಟಿಪಿ ಇದ್ದರೆ ಮೋಸಗಾರರು ಫೋನ್ ಮಾಡಿ ಕೇಳಿದ ಕೂಡಲೇ ಹೇಳಿಬಿಡುತ್ತಾರೆ. ನಂಬಿಕಸ್ತ ಅಳಿಯನ ನಂಬರ್ ಇದ್ದರೆ ಅದೇ ಸುರಕ್ಷಿತ.

ಲೆಕ್ಕಿಗ

ಓದಲು ಬಾರದವರು ಅದನ್ನು ಹೇಳೋದು ಹೇಗೆ ನೇರಮಾತು ಅವರೇ? ಅದನ್ನು ಓದಿ ಹೇಳಬೇಕಾಗುತ್ತದಲ್ಲ. ಒಟಿಪಿ ಹೇಳಿ ದುಡ್ಡು ಕಳಕೊಂಡವರಲ್ಲಿ ನನಗೆ ಗೊತ್ತಿರೋರೆಲ್ಲ ಚೆನ್ನಾಗಿ ಓದಿದವರೇ.

ಮೂರನೇ ಕೌಂಟರ್

ಅಂಕಿ ಗುರುತಿಸುವವರು ಇದ್ದಾರೆ, ಹಾಗಾಗಿ ನೇರಮಾತು ಅವರ ಭಯ ಪೂರ್ತಿ ಸುಳ್ಳಲ್ಲ. ಆದರೂ ಯಾರನ್ನು ನಂಬಬೇಕು ಅನ್ನುವುದನ್ನು ಅತ್ತೆ ಹೇಳಲಿ. ಅಳಿಯ ತನ್ನನ್ನೇ ನಂಬಿಕಸ್ತ ಅಂತ ನೇಮಿಸಿಕೊಳ್ಳುವುದು ಬೇಡ.

ಲೆಕ್ಕಿಗ

ಹುಟ್ಟಿದ ದಿನದ ಬಗ್ಗೆ ಯಾರೂ ಹೇಳಲಿಲ್ಲ. ಬರವಣಿಗೆ ಇಲ್ಲದ ಕಡೆ ವಯಸ್ಸು ಕೇಳಿದರೆ ಜನ 50, 55, 60 ಅಂತ ಸೊನ್ನೆಗೋ ಐದಕ್ಕೋ ಮುಗಿಯುವ ಅಂಕಿಯನ್ನೇ ಜಾಸ್ತಿ ಹೇಳುತ್ತಾರೆ. ಜನಗಣತಿ ಮಾಡುವವರಿಗೆ ಇದು ಹಳೇ ತಲೆನೋವು, ಅಳೆಯೋಕೆ ಒಂದು ಸೂಚ್ಯಂಕವೇ ಇದೆ. ತಾರೀಖು ಗೊತ್ತಿಲ್ಲದಿದ್ದಾಗ ಅಧಿಕಾರಿಗಳು ಜನವರಿ 1 ಅಂತ ಬರೆದುಬಿಡುವುದೂ ಹಲವು ದೇಶಗಳಲ್ಲಿ ಇದೆ. ಅತ್ತೆಯ ಚೀಟಿಯಲ್ಲಿ ಜನವರಿ 1 ಇದ್ದರೆ ಅದು ಯಾರೋ ಹಾಕಿದ್ದಿರಬಹುದು. ಅವರನ್ನು ಕೂರಿಸಿಕೊಂಡು ತಮ್ಮ ಹುಟ್ಟಿದಾಗ ನಿಮಗೆ ಎಷ್ಟು, ಮದುವೆ ಆದಾಗ ಎಷ್ಟು ಅಂತ ಕೇಳಿ ನಿಜವಾದ ವರ್ಷ ಕಂಡುಹಿಡಿದು ಬರೆಯಿರಿ.

ಮೂರನೇ ಕೌಂಟರ್

ವಿಷಯ ಸರಿ, ಕೊನೆಯ ಸಲಹೆ ಮಾತ್ರ ಬೇಡ. ಈ ಫಾರಮ್ಮನ್ನು ಬ್ಯಾಂಕಿನವರು ಗುರುತಿನ ಚೀಟಿಯ ಪಕ್ಕ ಇಟ್ಟು ನೋಡುತ್ತಾರೆ. ವರ್ಷ ಬೇರೆ ಇದ್ದರೆ ಫಾರಂ ನಿಂತುಹೋಗುತ್ತದೆ. ಚೀಟಿಯಲ್ಲಿ ತಪ್ಪಿದ್ದರೆ ಮೊದಲು ಚೀಟಿ ತಿದ್ದಿಸಬೇಕು, ಆಮೇಲೆ ಬ್ಯಾಂಕ್. ಒಂದು ಕಾಗದದಲ್ಲಿ ಮಾತ್ರ ಸರಿ ಮಾಡಿದರೆ ಅತ್ತೆಗೆ ಎರಡು ವಯಸ್ಸು ಆಗುತ್ತದೆ ಅಷ್ಟೆ.

ತಾರೀಖು ಬರೆಯುವಾಗ ದಿನ ಮೊದಲೋ ತಿಂಗಳು ಮೊದಲೋ ಅಂತ ಚೌಕದ ಕೆಳಗೆ ನೋಡಿಕೊಳ್ಳಿ.

ಲೆಕ್ಕಿಗ

ಆದರೆ ಫಾರಮ್ಮಿನ ಕೆಳಗೆ "ಮೇಲಿನ ವಿವರಗಳೆಲ್ಲ ನಿಜ" ಅಂತ ಇರುತ್ತದಲ್ಲ? ಸುಳ್ಳು ಅಂತ ಗೊತ್ತಿದ್ದೂ ಅವರ ಹೆಬ್ಬೆಟ್ಟು ಹಾಕಿಸೋದು ಹೇಗೆ ಸರಿ?

ಮೂರನೇ ಕೌಂಟರ್

ಅದಕ್ಕೆ ನನ್ನ ಹತ್ತಿರ ಒಳ್ಳೆಯ ಉತ್ತರ ಇಲ್ಲ. ಅತ್ತೆಗೆ ವಿಷಯ ಹೇಳಿ, ಕೌಂಟರಿನಲ್ಲೂ ಬಾಯಿಬಿಟ್ಟು ಕೇಳಿ ಅನ್ನಬಲ್ಲೆ.

ಅಪ್ಪನ ಮಾತು

ಇದು ನಮ್ಮ ಅಪ್ಪ ಹೇಳಿದ್ದು, ನಾನು ಮಗಳು ಟೈಪ್ ಮಾಡ್ತಿದ್ದೀನಿ. ಮೇಲಿನದೆಲ್ಲ ಓದಿ ಹೇಳಿದೆ. ಅವರಿಗೂ ಓದಲು ಬರುವುದಿಲ್ಲ.

"ನಾನು ಆಫೀಸಿಗೆ ಹೋದರೆ ಕನ್ನಡಕ ಮರೆತು ಬಂದೆ ಅಂತೀನಿ. ಕನ್ನಡಕ ನನಗೆ ಇಲ್ಲವೇ ಇಲ್ಲ. ಎದುರಿಗೆ ಕೂತವರು ನನ್ನನ್ನು ಬಿಟ್ಟು ಜೊತೆಗೆ ಬಂದವರ ಮುಖ ನೋಡಿ ಮಾತಾಡ್ತಾರೆ, ಅದೇ ಬೇಜಾರು. 'ಇವರಿಗೆ ಮಕ್ಕಳೆಷ್ಟು?' ಅಂತ ನನ್ನ ಮಗಳನ್ನು ಕೇಳ್ತಾರೆ. ನಾನು ಅಲ್ಲೇ ಇದ್ದೀನಿ. ಬರೆಯೋ ಹುಡುಗ ಹಾಗೆ ಆಗೋದಕ್ಕೆ ಬಿಡಬಾರದು. 'ಅವರನ್ನೇ ಕೇಳಿ' ಅನ್ನಬೇಕು.

ಇನ್ನೊಂದು, 'ಅರ್ಥ ಆಯ್ತಾ?' ಅಂತ ಕೇಳಬೇಡಿ. ಎಲ್ಲರೂ ಹ್ಞೂ ಅಂತಾರೆ. ನಾನೂ ಅಂತೀನಿ. 'ನಾಳೆ ನಿಮ್ಮ ತಂಗಿ ಬಂದು ಇದೇನು ಕಾಗದ ಅಂತ ಕೇಳಿದರೆ ಏನು ಹೇಳ್ತೀರಿ?' ಅಂತ ಕೇಳಿ. ಆಗ ನಾನು ಹೇಳೋದರಲ್ಲೇ ತಿಳೀತದೆ.

ಮಕ್ಕಳ ಲೆಕ್ಕ ಕೇಳುವಾಗ ಸ್ವಲ್ಪ ನಿಧಾನ. ನಮಗೆ ಒಬ್ಬ ಮಗ ಹೋಗಿಬಿಟ್ಟ. ಎಷ್ಟು ಅಂತ ಕೇಳಿದರೆ ಅವನನ್ನು ಸೇರಿಸಿ ಹೇಳಲಾ, ಬಿಟ್ಟು ಹೇಳಲಾ? 'ಯಾರ್ಯಾರ ಹೆಸರು ಬರೆಯಲಿ?' ಅಂತ ಕೇಳಿದರೆ ಸುಲಭ."

ಸಂಜೆಬಸ್ಸು

ಅಪ್ಪನವರಿಗೆ ನಮಸ್ಕಾರ ಹೇಳಿ. ತಂಗಿ ಬಂದು ಕೇಳಿದರೆ ಅನ್ನುವ ಪ್ರಶ್ನೆಯನ್ನು ಖಂಡಿತ ಕೇಳುತ್ತೇನೆ.

ಒಂದು ಸಂಶಯ. ನಾನು ಹೋಗುವಾಗ ಅತ್ತೆಯ ದೊಡ್ಡ ಮಗ, ಅಂದರೆ ನಮ್ಮ ಭಾವ, ಮನೆಯಲ್ಲಿರುತ್ತಾರೆ. ಅವರ ಎದುರಿಗೇ ನಾಮಿನಿ ಕೇಳಬಹುದಾ?

ಮೂರನೇ ಕೌಂಟರ್

ಬೇಡ. ಮಗ ಎದುರಿಗಿದ್ದರೆ ತಾಯಿ ಬೇರೆಯವರ ಹೆಸರು ಹೇಗೆ ಹೇಳುತ್ತಾರೆ? ಜಗಳವಿಲ್ಲದ ಮನೆಯಲ್ಲೂ ಹೇಳುವುದಿಲ್ಲ. ಆ ಕಾಲಂ ಕೊನೆಗಿಡಿ, ಅವರು ಒಬ್ಬರೇ ಇರುವಾಗ ಕೇಳಿ. ನಾಮಿನಿ ಅನ್ನುವ ಮಾತು ಅವರಿಗೆ ಗೊತ್ತಿರಬಹುದು, ಇಲ್ಲದಿರಬಹುದು. "ನೀವು ಇಲ್ಲದ ಕಾಲಕ್ಕೆ ಬ್ಯಾಂಕಿನಿಂದ ಈ ಹಣ ತರಲು ಯಾರು ಹೋಗಬೇಕು?" ಅಂತ ಕೇಳಿ, ಸುಮ್ನೆ ಕಾಯಿರಿ. ಹೆಸರನ್ನು ನೀವು ಎತ್ತಿಕೊಡಬೇಡಿ. ನಾಮಿನಿ ಆದವರಿಗೆ ಆ ಹಣ ಪೂರ್ತಿ ಅವರದ್ದೇ ಆಗುತ್ತದೋ ಅಥವಾ ತಂದು ವಾರಸುದಾರರಿಗೆ ಹಂಚಬೇಕೋ ಅನ್ನುವುದು ಒಂದೊಂದು ಕಡೆ ಒಂದೊಂದು ಥರ. ಅತ್ತೆಯನ್ನು ಕರೆದುಕೊಂಡು ಹೋಗಿ ಅವರ ಎದುರಿಗೇ ಕೌಂಟರಿನಲ್ಲಿ ಕೇಳಿ.

ಹೆಬ್ಬೆಟ್ಟಿಗೆ ಸಾಮಾನ್ಯವಾಗಿ ಸಾಕ್ಷಿ ಬೇಕಾಗುತ್ತದೆ. ನಾಮಿನಿ ಆದವರನ್ನೇ ಸಾಕ್ಷಿ ಮಾಡಬೇಡಿ. "ಓದಿ ಹೇಳಲಾಯಿತು, ಅರ್ಥವಾಗಿದೆ" ಅನ್ನುವ ಸಾಲು ಇದ್ದರೆ ಅಲ್ಲಿ ಬರೆದವರ ಹೆಸರು, ಸಹಿ ಹಾಕಬೇಕು, ಅಂದರೆ ನಿಮ್ಮದು. ಪೂರ್ತಿ ಓದಿ ಹೇಳದೆ ಅಲ್ಲಿ ಸಹಿ ಮಾಡಬೇಡಿ.

ಸಂಜೆಬಸ್ಸು

ಹೋಗಿ ಬಂದೆ. ನಡೆದದ್ದನ್ನು ಬರೆಯುತ್ತೇನೆ, ಬೇರೆಯವರಿಗೂ ಉಪಯೋಗ ಆಗಬಹುದು.

ಅತ್ತೆ ಹಳೇ ಕಾಗದಗಳ ಚೀಲ ತಂದು ಸುರಿದರು. ಪಾಸ್‌ಬುಕ್ ಯಾವುದು, ವಿಳಾಸದ ಕಾಗದ ಯಾವುದು ಅಂತ ನಾನು ಹುಡುಕುವ ಮೊದಲೇ ಅವರು ತೆಗೆದುಕೊಟ್ಟರು. ಒಂದರ ಮೂಲೆ ಹರಿದಿದೆ, ಇನ್ನೊಂದರ ಮೇಲೆ ನೀಲಿ ಮೊಹರು ಇದೆ, ಹಾಗೆ ಗುರುತು. ಹಿಂದೆ ಬ್ಯಾಂಕಿನಲ್ಲಿ ಏನು ಹಾಕಿದ್ರಿ ಅಂದೆ. ಹೆಬ್ಬೆಟ್ಟು ಅಂದರು.

ಫೋನ್ ಅವರದ್ದೇ ಕೊಟ್ಟೆವು. ನಾನು ಕೇಳಿದ್ದಕ್ಕೆ, ಈಗ ಬ್ಯಾಂಕಿನಲ್ಲಿ ಇರುವುದು ಭಾವನ ಹಳೇ ನಂಬರ್ ಅಂತ ಗೊತ್ತಾಯಿತು. ಅದು ನಿಂತುಹೋಗಿ ಎಷ್ಟೋ ಕಾಲ ಆಗಿದೆಯಂತೆ.

ಟಿಕ್ ಹಾಕುವ ಸಾಲುಗಳಲ್ಲಿ ಎರಡಕ್ಕೆ ಆಗಲೇ ಪೆನ್ನಿನಲ್ಲಿ ಗುರುತು ಹಾಕಿ ಕೊಟ್ಟಿದ್ದರು. ಒಂದು ಎಟಿಎಂ ಕಾರ್ಡ್ ಬೇಕು ಅನ್ನುವುದು. ಇನ್ನೊಂದು, ವಿಮೆಯಂಥ ಬೇರೆ ಯೋಜನೆಗಳ ಬಗ್ಗೆ ಫೋನ್ ಮಾಡಬಹುದು ಅನ್ನುವುದು. ಒಂದೊಂದನ್ನೇ ಓದಿ ಹೇಳಿದೆ. "ಕಾರ್ಡು ತಗೊಂಡು ಯಾರ ಕೈಯಲ್ಲಿ ಕೊಡಲಿ? ಬೇಡ" ಅಂದರು. ಫೋನಿನದ್ದಕ್ಕೂ ಬೇಡ. ಹಾಗಾಗಿ ಹೊಸ ಫಾರಂ ತಂದು ಬರೆದೆ.

ನಾಮಿನಿ ವಿಷಯ. ಭಾವ ಹೊರಗೆ ಹೋಗುವ ತನಕ ಕಾದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಮೂರು ಹೆಸರು ಹೇಳಿದರು. ಇಬ್ಬರು ಹೆಣ್ಣುಮಕ್ಕಳು ಮತ್ತು ತೀರಿಹೋದ ಎರಡನೇ ಮಗನ ಹೆಂಡತಿ. ದೊಡ್ಡ ಮಗನ ಹೆಸರಿಲ್ಲ. ಅವನಿಗೆ ಮನೆ ಕೊಟ್ಟಾಗಿದೆ ಅಂದರು. ನಾನೇ ತುಂಬಿದ್ದರೆ ಆ ಸೊಸೆಯ ಹೆಸರು ನನಗೆ ಹೊಳೆಯುತ್ತಲೇ ಇರಲಿಲ್ಲ.

ಈ ಫಾರಮ್ಮಿನಲ್ಲಿ ಮೂವರ ಹೆಸರಿಗೆ ಜಾಗ ಇದೆ, ಎದುರಿಗೆ ಪಾಲು ಶೇಕಡ ಎಷ್ಟು ಅಂತ ಬರೆಯಬೇಕು. ಮೂರಕ್ಕೂ ಸಮ ಅಂದರು. ನೂರನ್ನು ಮೂರು ಮಾಡಿದರೆ 33, 33, 33, ಒಂದು ಉಳಿಯುತ್ತದೆ. ಪಾಲುಗಳು ಸೇರಿ 100 ಆಗಬೇಕು, ಚೌಕದಲ್ಲಿ ಎರಡೇ ಅಂಕಿಗೆ ಜಾಗ. ನಾನು ಸುಮ್ಮನೆ ಮೊದಲ ಹೆಸರಿಗೆ 34 ಹಾಕಿಬಿಡುತ್ತಿದ್ದೆ. ಆದರೂ ಕೇಳಿದೆ, "ನೂರು ಪಾಲಿನಲ್ಲಿ ಒಂದು ಉಳಿಯುತ್ತೆ ಅತ್ತೆ, ಯಾರಿಗೆ ಹಾಕಲಿ?" ಅಂತ. "ಸೊಸೆಗೆ ಹಾಕು. ಆಮೇಲೆ ಅದು ಯಾಕೆ ಜಾಸ್ತಿ ಅಂತ ಕೇಳಿದರೆ ಲೆಕ್ಕದಲ್ಲಿ ಉಳಿದದ್ದು ಅಂತ ಹೇಳು" ಅಂದರು. 34 ಸೊಸೆಗೆ.

ಕೊನೆಗೆ ಪ್ರಶ್ನೆ, ಉತ್ತರ ಎರಡನ್ನೂ ಓದಿ ಹೇಳಿದೆ. ತಂಗಿ ಬಂದು ಕೇಳಿದರೆ ಏನು ಹೇಳುತ್ತೀರಿ ಅಂದೆ. ಎಲ್ಲ ಸರಿಯಾಗಿ ಹೇಳಿದರು, ಒಂದು ಬಿಟ್ಟು. ಈ ಫಾರಂ ಕೊಟ್ಟ ಕೂಡಲೇ ಆ ಮೂವರೂ ಹಣ ತೆಗೆಯಬಹುದು ಅಂದುಕೊಂಡಿದ್ದರು. ಹಾಗಲ್ಲ, ನೀವಿರುವ ತನಕ ನೀವೊಬ್ಬರೇ ಅಂತ ಹೇಳಿದ ಮೇಲೆ ಮುಖ ಸ್ವಲ್ಪ ಸಡಿಲವಾಯಿತು.

ಹೆಬ್ಬೆಟ್ಟು ಮೊದಲ ಸಲ ಮಸಿ ಕಲೆ ಹಾಗೆ ಬಂತು. ಪುಣ್ಯಕ್ಕೆ ಜೆರಾಕ್ಸಿನ ಮೇಲೆ.

ಮೂರನೇ ಕೌಂಟರ್

ಕೈಕೆಲಸ ಮಾಡಿದವರ ಬೆರಳಿನ ಗೆರೆ ಸವೆದಿರುತ್ತದೆ. ಬೆರಳು ತೊಳೆದು ಪೂರ್ತಿ ಒರೆಸಿ, ಇಂಕ್ ಕಡಿಮೆ ತಾಗಿಸಿ. ಒತ್ತಿ ಹಿಡಿಯಬೇಡಿ, ಉಗುರಿನ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಒಂದೇ ಸಲ ಉರುಳಿಸಿ. ಗೆರೆಗಳು ಒಂದೊಂದಾಗಿ ಕಂಡರೆ ಸರಿ. ಯಾವ ಕೈ ಅಂತ ಫಾರಮ್ಮಿನಲ್ಲಿ ಬರೆದಿರುತ್ತದೆ, ಇಲ್ಲದಿದ್ದರೆ ಕೇಳಿ. ಖಾಲಿ ಉಳಿದ ಕಾಲಮ್ಮುಗಳಿಗೆ ಗೆರೆ ಎಳೆದ ಮೇಲೆಯೇ ಹೆಬ್ಬೆಟ್ಟು. ಕೊಟ್ಟು ಬರುವಾಗ ಸ್ವೀಕೃತಿ ಚೀಟಿ ಅತ್ತೆಯ ಕೈಗೇ ಕೊಡಿ, ಅವರ ಚೀಲದಲ್ಲಿ ಅದಕ್ಕೊಂದು ಗುರುತು ಅವರೇ ಮಾಡಿಕೊಳ್ಳುತ್ತಾರೆ.

ನೇರಮಾತು

ಸೊಸೆ ವಿಷಯ ನಾನೂ ಯೋಚಿಸಿರಲಿಲ್ಲ, ಒಪ್ಪಿದೆ. ಫೋನ್ ವಿಷಯ ಈಗಲೂ ಒಪ್ಪಲ್ಲ.

ಸಂಜೆಬಸ್ಸು

ಇನ್ನೊಂದು ತೊಡಕು ಉಳಿದಿದೆ. ನಾಮಿನಿ ಯಾರು ಅಂತ ಭಾವ ಫೋನ್ ಮಾಡಿ ಕೇಳುತ್ತಿದ್ದಾರೆ. "ನೀನೇ ಬರೆದದ್ದಲ್ವಾ, ಹೇಳೋಕೇನು?" ಅಂತ. ಹೇಳದಿದ್ದರೆ ನನ್ನ ಮೇಲೇ ಸಿಟ್ಟು.

ಅಪ್ಪನ ಮಾತು

ಅಪ್ಪ ಹೇಳ್ತಿದ್ದಾರೆ: "ಬರೆದವನು ನಾನು, ಹೇಳಿದವರು ನಿಮ್ಮಮ್ಮ, ಅವರನ್ನೇ ಕೇಳಿ ಅನ್ನಲಿ. ಅದಕ್ಕೂ ಮೊದಲು ಅತ್ತೆಗೆ ಫೋನ್ ಮಾಡಿ, ಮಗ ಕೇಳ್ತಿದ್ದಾನೆ ಅಂತ ತಿಳಿಸಲಿ. ಅವರು ಹೇಳ್ತಾರೋ ಬಿಡ್ತಾರೋ."